ಅಳಿಸಿದ ಅಂಕಿ ಹನ್ನೊಂದಕ್ಕೆ ಗೊತ್ತು

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಮಾರಿದರೆ ಅಡತಿ ಅಂಗಡಿಯಿಂದ ಕೈಗೊಂದು ಪಟ್ಟಿ ಬರುತ್ತದೆ. ತೂಕ, ದರ, ಮೊತ್ತ, ಹಮಾಲಿ ಎಲ್ಲಾ ಅದರಲ್ಲೇ. ಈ ಚೀಟಿ ಅಂಗಿ ಜೇಬಿನಲ್ಲಿ ಬೆವರಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮಡಿಕೆ ಬಿದ್ದ ಕಡೆ ಮಸಿ ಹೋಗಿದೆ. ತೂಕ 88 ಕ್ವಿಂಟಲ್, ಅದು ಸರಿಯಾಗಿ ಕಾಣುತ್ತದೆ. ದರ ಪೂರ್ತಿ ಅಳಿಸಿದೆ. ಮಾಲಿನ ಮೊತ್ತದಲ್ಲಿ ಎರಡು ಅಂಕಿ ಇಲ್ಲ:

6,_6,74_

ಅಂಗಡಿಗೆ ಫೋನ್ ಹಚ್ಚಿ ಕೇಳಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಈ ಎರಡೂ ಅಂಕಿ, ಜತೆಗೆ ದರ ಕೂಡ, ಚೀಟಿಯಲ್ಲೇ ಇವೆ.

ದರ ಪೂರ್ತಿ ರೂಪಾಯಿಯಲ್ಲಿದ್ದರೆ ಮೊತ್ತ 88ರಿಂದ ಶೇಷ ಉಳಿಯದೆ ಭಾಗವಾಗಲೇಬೇಕು. 88 ಅಂದರೆ 8 ಗುಣಿಸು 11. ಹಾಗಾಗಿ ಮೊತ್ತ 8ಕ್ಕೂ ಸರಿಹೋಗಬೇಕು, 11ಕ್ಕೂ ಸರಿಹೋಗಬೇಕು. ಎರಡನ್ನೂ ಬೇರೆ ಬೇರೆ ನೋಡೋಣ.

ಮೊದಲು 8. ಸಾವಿರ ಅನ್ನುವುದು 8 ಗುಣಿಸು 125, ಅದರಿಂದ ಸಾವಿರಗಳ ಗೊಡವೆ 8ಕ್ಕೆ ಇಲ್ಲ. ಕೊನೆಯ ಮೂರು ಅಂಕಿ ನೋಡಿದರೆ ಸಾಕು. ನಮ್ಮಲ್ಲಿ ಅದು 74_. 740ರಿಂದ 749ರ ಒಳಗೆ 8ರಿಂದ ಭಾಗವಾಗುವುದು ಒಂದೇ ಒಂದು: 744. ಕೊನೆಯ ಅಂಕಿ 4.

ಈಗ 11. ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು: ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ, ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯೋ 11ರ ಗುಣಕವೋ ಆಗಿರಬೇಕು. ಯಾಕೆ ಹೀಗೆ ಅಂತ ಹೇಳಿಕೊಟ್ಟವರು ಕಡಿಮೆ, ಅಲ್ವಾ? ಕಾರಣ ಬಹಳ ಸರಳ. 10ಕ್ಕೆ ಒಂದು ಸೇರಿದರೆ 11. 100ರಲ್ಲಿ ಒಂದು ತೆಗೆದರೆ 99, ಅದು 11ರ ಮಗ್ಗಿಯಲ್ಲಿದೆ. 1000ಕ್ಕೆ ಒಂದು ಸೇರಿದರೆ 1001, ಅದು 91 ಗುಣಿಸು 11. 10,000ದಲ್ಲಿ ಒಂದು ತೆಗೆದರೆ 9,999. ಹೀಗೆ ಒಂದು ಸ್ಥಾನದಲ್ಲಿ ಒಂದು ಜಾಸ್ತಿ, ಮುಂದಿನದರಲ್ಲಿ ಒಂದು ಕಮ್ಮಿ. ಬಿಡಿ, ನೂರು, ಹತ್ತು ಸಾವಿರದ ಜಾಗದಲ್ಲಿರುವ ಪ್ರತಿ ಅಂಕಿ ಅಷ್ಟೇ ಜಾಸ್ತಿ ಉಳಿಸುತ್ತದೆ. ಹತ್ತು, ಸಾವಿರ, ಲಕ್ಷದ ಜಾಗದಲ್ಲಿರುವುದು ಅಷ್ಟೇ ಕಮ್ಮಿ ಬೀಳುತ್ತದೆ. ಜಾಸ್ತಿಯೂ ಕಮ್ಮಿಯೂ ಒಂದಕ್ಕೊಂದು ವಜಾ ಆದರೆ ಲೆಕ್ಕ ಚುಕ್ತಾ.

ನಮ್ಮ ಮೊತ್ತ ಈಗ 6,_6,744. ಬಲಗಡೆಯಿಂದ ಹೋದರೆ ಜಾಸ್ತಿಯ ಸಾಲಿನಲ್ಲಿ 4, 7 ಮತ್ತು ಅಳಿಸಿದ ಅಂಕಿ. ಅಂದರೆ 11 ಮತ್ತು ಅದು. ಕಮ್ಮಿಯ ಸಾಲಿನಲ್ಲಿ 4, 6, 6. ಅಂದರೆ 16. ಎರಡೂ ಸಮ ಆಗಬೇಕಾದರೆ ಅಳಿಸಿದ್ದು 5. ವ್ಯತ್ಯಾಸ 11 ಬರುವ ಹಾಗೆ ಬೇರೆ ಯಾವ ಅಂಕಿಯನ್ನೂ ಕೂರಿಸಲು ಆಗುವುದಿಲ್ಲ. ಮೊತ್ತ 6,56,744. ಇದನ್ನು 88ರಿಂದ ಭಾಗಿಸಿದರೆ 7,463. ಕ್ವಿಂಟಲ್‌ಗೆ ಅಷ್ಟು ದರ ಸಿಕ್ಕಿತ್ತು.

88ನ್ನು 8 ಮತ್ತು 11 ಅಂತಲೇ ಯಾಕೆ ಒಡೆದೆವು? 4 ಗುಣಿಸು 22 ಕೂಡ 88 ತಾನೆ? ಆದರೆ 4 ಮತ್ತು 22 ಎರಡರಲ್ಲೂ 2 ಇದೆ. ಒಂದೇ 2 ಎರಡು ಕಡೆ ಹಾಜರಿ ಹಾಕಿಸಿಕೊಳ್ಳುತ್ತದೆ. 44 ಅನ್ನುವುದು 4ರಿಂದಲೂ ಭಾಗವಾಗುತ್ತದೆ, 22ರಿಂದಲೂ ಭಾಗವಾಗುತ್ತದೆ, 88ರಿಂದ ಮಾತ್ರ ಆಗುವುದಿಲ್ಲ. ನಮ್ಮ ಚೀಟಿಯನ್ನೇ 4 ಮತ್ತು 22ರಿಂದ ಪರೀಕ್ಷಿಸಿದರೆ 6,96,740 ಅನ್ನುವ ಸಂಖ್ಯೆಯೂ ಪಾಸಾಗಿಬಿಡುತ್ತದೆ. 88ರಿಂದ ಭಾಗಿಸಿ ನೋಡಿದರೆ ದರ 7,917 ರೂಪಾಯಿ 50 ಪೈಸೆ. ಪೂರ್ತಿ ರೂಪಾಯಿ ಅಲ್ಲ. ಒಡೆದ ತುಂಡುಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು ಅನ್ನುವುದು ಇದಕ್ಕೇ. 72 ಆದರೆ 8 ಮತ್ತು 9, 132 ಆದರೆ 3, 4 ಮತ್ತು 11.

ಹಾಗೇ ಇನ್ನೊಂದು ವಿಷಯ. ದರದಲ್ಲಿ 50 ಪೈಸೆ ಇರುವ ಸಾಧ್ಯತೆ ಇದ್ದರೆ ಈ ಲೆಕ್ಕದ ಬುಡವೇ ಅಲ್ಲಾಡುತ್ತದೆ. ತೂಕ 88 ಕ್ವಿಂಟಲ್ 40 ಕಿಲೋ ಆಗಿದ್ದರೂ ಅಷ್ಟೇ. ಹಮಾಲಿ ಮುರಿದುಕೊಂಡ ಮೇಲಿನ ಕೈಗೆ ಬರುವ ಮೊತ್ತಕ್ಕೂ ಇದನ್ನು ಹಚ್ಚಬಾರದು. ಹಮಾಲಿ ಕಳೆದ ಕ್ಷಣ ಅದು 88ರ ಗುಣಕವಾಗಿ ಉಳಿದಿರಬೇಕೆಂದೇನಿಲ್ಲ.

ಎರಡು ಅಂಕಿ ಹೋದರೆ ಯಾವ ಜಾಗದ್ದು ಹೋಗಿದೆ ಅನ್ನುವುದೂ ಮುಖ್ಯ. ಮೇಲೆ ನಮ್ಮ ಅದೃಷ್ಟ ಚೆನ್ನಾಗಿತ್ತು. 8ರ ಪರೀಕ್ಷೆಗೆ ಒಂದು ಅಂಕಿ, 11ರ ಪರೀಕ್ಷೆಗೆ ಇನ್ನೊಂದು ಸಿಕ್ಕಿತು. ಅದೇ ಚೀಟಿಯಲ್ಲಿ 6,56,_4_ ಅಂತ ಅಳಿಸಿದ್ದರೆ? 11ರ ಪ್ರಕಾರ ಎರಡು ಅಂಕಿಗಳ ಮೊತ್ತ 11 ಇರಬೇಕು, ಇಲ್ಲವೇ ಎರಡೂ ಸೊನ್ನೆ ಇರಬೇಕು. 8ರ ಪರೀಕ್ಷೆಯನ್ನೂ ಸೇರಿಸಿ ಸೋಸಿದರೆ ಎರಡು ಉತ್ತರ ಉಳಿಯುತ್ತವೆ: 6,56,744 ಮತ್ತು 6,56,040. ಮೊದಲನೆಯದರ ದರ 7,463, ಎರಡನೆಯದರದ್ದು 7,455. ಎಂಟೇ ರೂಪಾಯಿ ಫರಕು. ಎರಡೂ ನಂಬುವಂಥ ದರವೇ. ಇಲ್ಲಿ ಗಣಿತ ಕೈ ಎತ್ತುತ್ತದೆ, ಫೋನ್ ಮಾಡಲೇಬೇಕು.

ಒಂದೇ ಅಂಕಿ ಹೋಗಿದ್ದರೆ 11ರಷ್ಟು ನಂಬಿಕಸ್ತ ಪರೀಕ್ಷೆ ಕಮ್ಮಿ. 9ರ ಪರೀಕ್ಷೆ ಬಹಳ ಜನಕ್ಕೆ ಇಷ್ಟ, ಸುಮ್ನೆ ಅಂಕಿ ಕೂಡಿಸಿದರಾಯಿತು. ಆದರೆ ಅದಕ್ಕೆ 0 ಮತ್ತು 9ರ ಭೇದ ಗೊತ್ತಿಲ್ಲ. 36 ಕ್ವಿಂಟಲ್ ಮಾಲಿಗೆ 2,6_,100 ಅಂತ ಪಟ್ಟಿ ಇದೆ ಅನ್ನಿ. ಕೊನೆಯ ಎರಡು ಸೊನ್ನೆಯಿಂದ 4ಕ್ಕೆ ಸಮಾಧಾನ. ಉಳಿದ ಅಂಕಿಗಳ ಮೊತ್ತ 9, ಹಾಗಾಗಿ ಅಳಿಸಿದ್ದು 0 ಆದರೂ ಸರಿ, 9 ಆದರೂ ಸರಿ. ದರ 7,225 ಇರಬಹುದು, 7,475 ಕೂಡ ಇರಬಹುದು. ತೂಕ 33, 44, 55ರಂತೆ 11ರ ಗುಣಕವಾಗಿದ್ದರೆ ಈ ಗೊಂದಲ ಬರುವುದೇ ಇಲ್ಲ. ಅಂಕಿಗಳು ಇರುವುದೇ ಹತ್ತು. ಯಾವ ಎರಡು ಅಂಕಿ ತೆಗೆದುಕೊಂಡರೂ ವ್ಯತ್ಯಾಸ 9ಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಒಂದು ಜಾಗದಲ್ಲಿ ಎರಡು ಅಂಕಿಗಳು 11ನ್ನು ಒಪ್ಪಿಸಲು ಸಾಧ್ಯವಿಲ್ಲ.

ಕೆಲವೊಮ್ಮೆ ಒಂದೂ ಒಪ್ಪುವುದಿಲ್ಲ. ನಮ್ಮ ಮೊದಲ ಚೀಟಿಯಲ್ಲೇ ಸಾವಿರದ ಜಾಗದ 6ನ್ನು ಮಸಕಿನಲ್ಲಿ 0 ಅಂತ ಓದಿದೆವು ಅನ್ನಿ. ಆಗ 6,_0,744. ಜಾಸ್ತಿಯ ಸಾಲು 11 ಮತ್ತು ಅಳಿಸಿದ್ದು, ಕಮ್ಮಿಯ ಸಾಲು ಬರೀ 10. ಲೆಕ್ಕ ಹೊಂದಬೇಕಾದರೆ ಅಳಿಸಿದ ಅಂಕಿ 10 ಆಗಬೇಕು. ಅಂಥ ಅಂಕಿ ಇಲ್ಲ. ಹತ್ತು ಬಂತೆಂದರೆ ಬೇರೆ ಎಲ್ಲೋ ತಪ್ಪು ಓದಿದ್ದೇವೆ ಅಂತಲೇ ಅರ್ಥ. ಪುಸ್ತಕಗಳ ಹಳೆಯ ಹತ್ತು ಅಂಕಿಯ ಐಎಸ್‌ಬಿಎನ್ ಕೂಡ 11ರ ಮೇಲೇ ನಿಂತಿತ್ತು, ಲೆಕ್ಕ ಹಾಕುವ ರೀತಿ ಸ್ವಲ್ಪ ಬೇರೆ. ಅಲ್ಲಿ ಕೊನೆಯ ಅಂಕಿ 10 ಬಂದರೆ ಅದರ ಜಾಗದಲ್ಲಿ ರೋಮನ್ ಹತ್ತು, ಅಂದರೆ X ಅಚ್ಚು ಹಾಕುತ್ತಿದ್ದರು. ನಮ್ಮ ಪಟ್ಟಿಯಲ್ಲಿ ಆ ಅನುಕೂಲ ಇಲ್ಲ.

ಆದರೆ ಎಲ್ಲ ತಪ್ಪು ಓದೂ ಹೀಗೆ ಸಿಕ್ಕಿಬೀಳುವುದಿಲ್ಲ. ಅದೇ 6ನ್ನು 8 ಅಂತ ಓದಿದರೆ ಅಳಿಸಿದ ಅಂಕಿ ಸಲೀಸಾಗಿ 7 ಬರುತ್ತದೆ, ಮೊತ್ತ 6,78,744 ಆಗುತ್ತದೆ, 88ರಿಂದ ಭಾಗವೂ ಆಗುತ್ತದೆ. ದರ 7,713. ಇದು ತಪ್ಪು ಅಂತ 11 ಹೇಳುವುದಿಲ್ಲ. ಆ ದಿನ ಗಂಜ್‌ನಲ್ಲಿ ತೊಗರಿ ಎಷ್ಟಕ್ಕೆ ಹೋಯಿತು ಅಂತ ತಿಳಿದವರೇ ಹೇಳಬೇಕು.