ಡಬ್ಬಿಯ ಮೇಲೆ 3 ಮಿಲಿಗ್ರಾಂ, ಒಳಗೆ ಎಷ್ಟು?

ಅಮೆರಿಕದಿಂದ ರಜೆಗೆ ಬರುವವರು ಈಗ ಚಾಕಲೇಟಿನ ಜೊತೆಗೆ ಮೆಲಟೋನಿನ್ ಗಮ್ಮಿಯ ಡಬ್ಬಿಯನ್ನೂ ತರುತ್ತಾರೆ. ನಿದ್ದೆ ಬರಿಸಲೆಂದು ಮೆಲಟೋನಿನ್ ಎಂಬ ಹಾರ್ಮೋನ್ ಸೇರಿಸಿದ, ಅಗಿದು ತಿನ್ನುವ ಮೆತ್ತನೆಯ ಮಿಠಾಯಿ ಅದು. ಆನ್‌ಲೈನಿನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನನ್ನು ಜನ ಕೇಳುವುದು, "ಮಗುವಿಗೆ ಎಷ್ಟು ಕೊಡಬಹುದು?" ಎಂದು. ಆ ಗಮ್ಮಿಯೊಳಗೆ ನಿಜಕ್ಕೂ ಎಷ್ಟಿದೆ ಎಂದು ಗೊತ್ತಿಲ್ಲದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ.

2023ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿ ಮಾರಾಟವಾಗುತ್ತಿದ್ದ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದರು. 22ರಲ್ಲಿ ಲೇಬಲ್ಲಿಗೂ ಒಳಗಿದ್ದುದಕ್ಕೂ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿತ್ತು. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಉಳಿದವುಗಳಲ್ಲಿ ಬರೆದದ್ದರ ಮುಕ್ಕಾಲು ಪಾಲಿನಿಂದ ಹಿಡಿದು ಸುಮಾರು ಮೂರೂವರೆ ಪಟ್ಟಿನವರೆಗೆ ಸಿಕ್ಕಿತು. ಕೆನಡಾದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1.5 ಮಿಲಿಗ್ರಾಂ ಎಂದಿದ್ದ ಅಗಿಯುವ ಮಾತ್ರೆಯೊಂದರಲ್ಲಿ ಸುಮಾರು 9 ಮಿಲಿಗ್ರಾಂ ಇತ್ತು. ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ ಅಧ್ಯಯನದ ಇನ್ನೊಂದು ಅಂಶ: ಒಂದೇ ಉತ್ಪನ್ನದ ಬೇರೆ ಬೇರೆ ಬ್ಯಾಚುಗಳ ನಡುವೆಯೂ ಹಲವು ಪಟ್ಟು ಅಂತರವಿತ್ತು. ಅಂದರೆ ಕಳೆದ ತಿಂಗಳು ಸರಿಹೋದ ಬ್ರಾಂಡ್ ಈ ತಿಂಗಳೂ ಸರಿಹೋಗುತ್ತದೆ ಎನ್ನುವಂತಿಲ್ಲ.

ಹೀಗಾಗುವುದಕ್ಕೆ ಕಾರಣ ತಯಾರಿಕೆಯಲ್ಲೇ ಇದೆ. ಮೂರು ಗ್ರಾಂ ತೂಗುವ ಗಮ್ಮಿಯಲ್ಲಿ ಮೂರು ಮಿಲಿಗ್ರಾಂ ಎಂದರೆ ಸಾವಿರದಲ್ಲಿ ಒಂದು ಪಾಲು. ಸಕ್ಕರೆ ಮತ್ತು ಪೆಕ್ಟಿನ್ ಅಥವಾ ಜೆಲಾಟಿನ್ ಸೇರಿಸಿ ಕಾಯಿಸಿದ ಬಿಸಿಯಾದ, ಮಂದ ಪಾಕಕ್ಕೆ ಅಷ್ಟು ಸಣ್ಣ ಪ್ರಮಾಣದ ಪುಡಿಯನ್ನು ಕಲಸಿ ಅಚ್ಚಿಗೆ ಹೊಯ್ಯಬೇಕು. ಕಲಸುವುದು ಸ್ವಲ್ಪ ಹೆಚ್ಚುಕಮ್ಮಿಯಾದರೂ ಒಂದು ಅಚ್ಚಿಗೆ ಜಾಸ್ತಿ, ಪಕ್ಕದ್ದಕ್ಕೆ ಕಡಿಮೆ ಬೀಳುತ್ತದೆ. ಜೊತೆಗೆ ಮೆಲಟೋನಿನ್ ಬೆಳಕು, ಶಾಖ ಮತ್ತು ತೇವಕ್ಕೆ ನಿಧಾನವಾಗಿ ಹಾಳಾಗುವ ವಸ್ತು. ಅವಧಿ ಮುಗಿಯುವ ದಿನದಂದೂ ಲೇಬಲ್ಲಿನಷ್ಟು ಉಳಿದಿರಲಿ ಎಂದು ಕೆಲವು ತಯಾರಕರು ಮೊದಲೇ ಹೆಚ್ಚು ಹಾಕುತ್ತಾರೆ. ಹಾಗಾಗಿ ಹೊಸ ಡಬ್ಬಿಯಲ್ಲಿ ಹೆಚ್ಚಿರಬಹುದು. ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾದ ಡಬ್ಬಿಯಲ್ಲಿ ಕಡಿಮೆ ಇರಬಹುದು. ಅಮೆರಿಕದಲ್ಲಿ 1994ರ ಕಾನೂನಿನಂತೆ ಇದು ಆಹಾರ ಪೂರಕ. ಔಷಧಿಯ ಹಾಗೆ ಮಾರುಕಟ್ಟೆಗೆ ಬರುವ ಮೊದಲು ಸರ್ಕಾರದ ಒಪ್ಪಿಗೆ ಬೇಕಿಲ್ಲ.

ಬಿಜೈ ಕಡೆಯ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ರಾತ್ರಿ ಒಂದು ಗಮ್ಮಿ, ಲೇಬಲ್ ಪ್ರಕಾರ 1 ಮಿಲಿಗ್ರಾಂ. ವಾರಗಳ ಕಾಲ ತೊಂದರೆ ಇರಲಿಲ್ಲ. ಆಮೇಲೆ ಬೆಳಿಗ್ಗೆ ಎಬ್ಬಿಸಿದರೂ ಏಳದೆ, ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗತೊಡಗಿದ, ತಲೆನೋವು ಎನ್ನುತ್ತಿದ್ದ. "ಅದೇ ಕಂಪನಿ, ಅದೇ ಒಂದು ಗಮ್ಮಿ ಸರ್, ನಾನು ಜಾಸ್ತಿ ಎಂಥದ್ದೂ ಕೊಡ್ಲಿಲ್ಲ" ಎಂದರು. ಕೇಳುತ್ತಾ ಹೋದಾಗ ಹೊಸ ಡಬ್ಬಿ ತೆರೆದದ್ದು ಮತ್ತು ತೂಕಡಿಕೆ ಶುರುವಾದದ್ದು ಒಂದೇ ವಾರದಲ್ಲಿ ಎಂದು ತಿಳಿಯಿತು. ಹಳೆಯ ಡಬ್ಬಿ ಮನೆಯಲ್ಲೇ ಇತ್ತು. ಬ್ಯಾಚ್ ನಂಬರ್ ಬೇರೆ. ಮಕ್ಕಳ ವೈದ್ಯರು ಬೇರೆ ಕಾರಣಗಳನ್ನು ನೋಡಿ, ಗಮ್ಮಿ ನಿಲ್ಲಿಸಲು ಹೇಳಿದರು. ಕೆಲವೇ ದಿನಗಳಲ್ಲಿ ಹುಡುಗ ಸರಿಯಾದ. ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲವಾದ್ದರಿಂದ ಅದೇ ಕಾರಣ ಎಂದು ಸಾಧಿಸಲಾರೆ. ಬಣ್ಣ, ರುಚಿ ನೋಡಿ ಹೇಳುವಂಥದ್ದೂ ಅಲ್ಲ. ಮನೆಯವರಿಗೆ ಸಿಗುವ ಸುಳಿವು ಇಷ್ಟೇ: ಡೋಸ್ ಬದಲಾಗದೆ, ಡಬ್ಬಿ ಮಾತ್ರ ಬದಲಾದ ಮೇಲೆ ಬೆಳಗಿನ ಮಂಪರು, ತಲೆನೋವು, ವಾಂತಿ ಕಾಣಿಸಿಕೊಳ್ಳುವುದು.

ಆರೋಗ್ಯವಂತ ದೊಡ್ಡವರಿಗೆ ಸ್ವಲ್ಪ ಏರುಪೇರಾದರೆ ಮರುದಿನದ ಮಂಪರಿನಲ್ಲೇ ಮುಗಿಯಬಹುದು. ಆದರೂ ಬೆಳಿಗ್ಗೆ ಸ್ಕೂಟರ್ ಹತ್ತುವವರಿಗೆ ಅದೇ ಅಪಾಯ. ಫ್ಲುವೊಕ್ಸಮೈನ್ ಎಂಬ ಮಾನಸಿಕ ಚಿಕಿತ್ಸೆಯ ಮಾತ್ರೆ ತೆಗೆದುಕೊಳ್ಳುವವರ ವಿಷಯ ಬೇರೆ. ಆ ಮಾತ್ರೆ ಯಕೃತ್ತಿನಲ್ಲಿ ಮೆಲಟೋನಿನ್ ಒಡೆದುಹೋಗುವುದನ್ನೇ ತಡೆಯುವುದರಿಂದ ರಕ್ತದಲ್ಲಿ ಅದರ ಮಟ್ಟ ಬಹಳ ಏರುತ್ತದೆ. ಅದರ ಮೇಲೆ ಗಮ್ಮಿಯಲ್ಲೂ ಮೂರು ಪಟ್ಟು ಇದ್ದರೆ ಎರಡೂ ಗುಣಿಸಿಕೊಳ್ಳುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ವೈದ್ಯರು ಮೆಲಟೋನಿನ್ ಬೇಕೆಂದೇ ಹೇಳಿದರೆ, ಔಷಧ ತಯಾರಿಕಾ ಲೈಸೆನ್ಸ್ ನಂಬರ್ ಇರುವ, ಸ್ಟ್ರಿಪ್‌ನಲ್ಲಿ ಬರುವ ಮಾತ್ರೆ ಸಿಗುತ್ತದೆಯೇ ಎಂದು ಕೇಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಮಾತ್ರ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ. ಹೊಸ ಪ್ಯಾಕ್ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಖಾಲಿಯಾದದ್ದನ್ನು ಕೆಲವು ದಿನ ಎಸೆಯಬೇಡಿ.

ಸಿಹಿ ಎಂದು ಮಗು ಹಲವು ಗಮ್ಮಿ ತಿಂದುಬಿಟ್ಟರೆ "ಐದು ತಿಂದಿದೆ, ಐದೇ ಮಿಲಿಗ್ರಾಂ" ಎಂದು ಲೆಕ್ಕ ಹಾಕಿ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಉಳಿದ ಗಮ್ಮಿಗಳ ಸಮೇತ ಡಬ್ಬಿ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಬನ್ನಿ.