ಮಾರ್ಚ್ 31ರಂದು ಒಂಟಿಯಾಗಿ ನಿಲ್ಲುವ ಫಾರ್ವರ್ಡ್

"ಡಾಲರ್ ಏರಿದರೆ ನಮಗೆ ನಷ್ಟ ಹೇಗೆ ಮಾರಾಯರೇ? ನಾವು ರಫ್ತು ಮಾಡುವವರು!"

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯ ಧಣಿಗಳು ಏಪ್ರಿಲ್‌ನ ಒಂದು ಬೆಳಿಗ್ಗೆ ಫೋನಿನಲ್ಲಿ ಹೀಗೆ ಸಿಡುಕಿದರು. ಅವರ ಸಿಟ್ಟು ನ್ಯಾಯವಾದದ್ದೇ. ಕರಡು ಲೆಕ್ಕಪತ್ರದಲ್ಲಿ ಫಾರ್ವರ್ಡ್ ಕರಾರಿನ ನಷ್ಟವೆಂದು 1,80,000 ರೂಪಾಯಿ ಕುಳಿತಿತ್ತು. ಆ ಫಾರ್ವರ್ಡ್ ಯಾವ ಆರ್ಡರಿಗಾಗಿ ಮಾಡಿದ್ದೋ ಆ ಆರ್ಡರಿನ ಸುದ್ದಿ ಮಾತ್ರ ಲೆಕ್ಕಪತ್ರದಲ್ಲಿ ಎಲ್ಲೂ ಇರಲಿಲ್ಲ. ನಾನು ಕೇಳಿದ್ದು ಒಂದೇ: "ಈ ಫಾರ್ವರ್ಡ್ ಇಂಥ ಮಾರಾಟಕ್ಕೆ ಎಂದು ಜನವರಿಯಲ್ಲಿ ಎಲ್ಲಾದರೂ ಬರೆದಿಟ್ಟಿದ್ದೀರಾ?" ಬಂದ ಉತ್ತರ ನನಗೆ ಬಾಯಿಪಾಠ: "ಬ್ಯಾಂಕಿಗೆ ಆರ್ಡರಿನ ಪ್ರತಿ ಕೊಟ್ಟಿದ್ದೇವಲ್ಲ!"

ಬ್ಯಾಂಕಿಗೆ ಕೊಟ್ಟದ್ದು ಬ್ಯಾಂಕಿನ ಕಡತಕ್ಕೆ. ನಿಮಗೆ ನಿಜವಾದ ವ್ಯವಹಾರ ಇದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿದ್ದೀರಿ ಎಂದು ಅದು ಹೇಳುವುದಿಲ್ಲ. ಪ್ರತಿ ವರ್ಷ ನನ್ನ ತಲೆ ತಿನ್ನುವುದು ಇದೊಂದೇ ಸಂಗತಿಯಾದ್ದರಿಂದ ಇವತ್ತು ಇದೊಂದನ್ನೇ ಬರೆಯುತ್ತೇನೆ. ಫಾರ್ವರ್ಡ್ ಎಂದರೇನು, ಅದನ್ನು ಹೇಗೆ ಬುಕ್ ಮಾಡುವುದು ಎಂಬುದು ಪಣಂಬೂರಿನಿಂದ ಸರಕು ಕಳುಹಿಸುವ ಯಾರಿಗೂ ಹೊಸದಲ್ಲ.

ಧಣಿಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ಗುರುತು ಸಿಗದಂತೆ ಅಂಕಿಗಳನ್ನು ಬದಲಾಯಿಸಿದ್ದೇನೆ. ಜನವರಿ 20ರಂದು 2 ಲಕ್ಷ ಡಾಲರಿನ ಆರ್ಡರ್ ಬಂತು. ಸರಕು ಹಡಗು ಹತ್ತುವುದು ಏಪ್ರಿಲ್ 20ಕ್ಕೆ, ಹಣ ಬರುವುದು ಜೂನ್ 30ಕ್ಕೆ. ಆರ್ಡರ್ ಬಂದ ದಿನ ಡಾಲರಿಗೆ 83.00 ರೂಪಾಯಿ ಇತ್ತು. ಜೂನ್ 30ಕ್ಕೆ 2 ಲಕ್ಷ ಡಾಲರ್ ಮಾರುವ ಫಾರ್ವರ್ಡನ್ನು ಬ್ಯಾಂಕು 83.80ಕ್ಕೆ ಕೊಟ್ಟಿತು. ಅಂದರೆ ಜೂನ್‌ನಲ್ಲಿ ಡಾಲರ್ ಎಲ್ಲೇ ಇರಲಿ, ಕೈಗೆ ಬರುವುದು 1,67,60,000 ರೂಪಾಯಿ. ಅಲ್ಲಿಗೆ ಅವರಿಗೆ ನೆಮ್ಮದಿಯ ನಿದ್ದೆ.

ಮಾರ್ಚ್ 31 ಬಂತು. ಡಾಲರ್ 84.20ಕ್ಕೆ ಏರಿದೆ. ಜೂನ್ 30ರ ಫಾರ್ವರ್ಡನ್ನು ಅವತ್ತು ಬುಕ್ ಮಾಡಿದರೆ 84.70 ಸಿಗುತ್ತದೆ. ನಮ್ಮ ಕರಾರು 83.80ರದ್ದು. ವ್ಯತ್ಯಾಸ 90 ಪೈಸೆ, 2 ಲಕ್ಷ ಡಾಲರಿಗೆ 1,80,000 ರೂಪಾಯಿ. (ಕಾಲಕ್ಕೆ ತಕ್ಕ ಬಡ್ಡಿ ಕಳೆಯುವ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ, ಆಡಿಟರು ಬಿಡುವುದಿಲ್ಲ.) ಈ ಕಂಪನಿ ಇಂಡ್ ಎಎಸ್ ಪದ್ಧತಿಯಲ್ಲಿ ಲೆಕ್ಕ ಬರೆಯುವುದರಿಂದ, ಇಂಡ್ ಎಎಸ್ 109ರ ಪ್ರಕಾರ ಫಾರ್ವರ್ಡನ್ನು ಆ ದಿನದ ಬೆಲೆಗೆ ತೋರಿಸಲೇಬೇಕು. ಬೇರೇನೂ ಬರೆದಿಟ್ಟಿಲ್ಲದಿದ್ದರೆ ಅಷ್ಟೂ ನಷ್ಟ ಲಾಭ-ನಷ್ಟ ಖಾತೆಗೆ ಹೋಗುತ್ತದೆ.

ಡಾಲರ್ ಏರಿದ್ದರಿಂದ ಆರ್ಡರಿನ ಬೆಲೆ ರೂಪಾಯಿಯಲ್ಲಿ ಹೆಚ್ಚಾಯಿತಲ್ಲ, ಅದು ಎಲ್ಲಿ? ಅದು ಎಲ್ಲಿಯೂ ಇಲ್ಲ. ಸರಕು ಇನ್ನೂ ಗೋದಾಮಿನಲ್ಲಿದೆ, ಬಿಲ್ ಆಗಿಲ್ಲ, ಮಾರಾಟ ಆಗಿಲ್ಲ. ಆಗದ ಮಾರಾಟದ ಲಾಭವನ್ನು ಯಾವ ಪುಸ್ತಕವೂ ಬರೆದುಕೊಳ್ಳುವುದಿಲ್ಲ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದು ಮಾತ್ರ ಮಾರ್ಚ್ 31ರಂದು ಕಣ್ಣಿಗೆ ಬೀಳುತ್ತದೆ. ನಷ್ಟ ಎಂದು ಕಾಣುವುದು ಆ ಒಂದು ತಟ್ಟೆ.

ಇನ್ನೊಂದು ತಟ್ಟೆ ಬರುವವರೆಗೆ ಈ ತಟ್ಟೆಯನ್ನು ಪಕ್ಕದಲ್ಲಿ ಹಿಡಿದಿಡುವ ವ್ಯವಸ್ಥೆಗೇ ಹೆಡ್ಜ್ ಅಕೌಂಟಿಂಗ್ ಎನ್ನುವುದು. ನಮ್ಮ ಉದಾಹರಣೆಯದು ನಗದು ಹರಿವಿನ ಹೆಡ್ಜ್. ಬಹುತೇಕ ಖಚಿತವಾದ ಮುಂದಿನ ಮಾರಾಟಕ್ಕೆ ಈ ಫಾರ್ವರ್ಡ್ ಎಂದು ಮೊದಲೇ ಗೊತ್ತುಪಡಿಸಿದ್ದರೆ, ಮಾರ್ಚ್ 31ರ 1,80,000 ಲಾಭ-ನಷ್ಟ ಖಾತೆಯನ್ನು ಮುಟ್ಟದೆ, ಇತರ ಸಮಗ್ರ ಆದಾಯದ ಮೂಲಕ ಹೆಡ್ಜ್ ರಿಸರ್ವ್ ಎಂಬ ಕಪಾಟಿಗೆ ಹೋಗಿ ಕುಳಿತುಕೊಳ್ಳುತ್ತದೆ.

ಮುಂದೆ ನೋಡಿ. ಏಪ್ರಿಲ್ 20ರಂದು ಸರಕು ಹಡಗು ಹತ್ತಿತು. ಅಂದಿನ ದರ 84.40, ಮಾರಾಟ 1,68,80,000 ಎಂದು ದಾಖಲಾಯಿತು. ಜೂನ್ 30ರ ಫಾರ್ವರ್ಡ್ ದರ ಅಂದು 84.80, ಆದ್ದರಿಂದ ನಮ್ಮ ಕರಾರಿನ ಒಟ್ಟು ನಷ್ಟ ಈಗ ಡಾಲರಿಗೆ ಒಂದು ರೂಪಾಯಿ, ಅಂದರೆ 2,00,000. ಇನ್ನೊಂದು ತಟ್ಟೆ ಬಂದಾಯಿತು. ಕಪಾಟಿನಲ್ಲಿದ್ದುದನ್ನು ತೆಗೆದು ಮಾರಾಟದ ಪಕ್ಕಕ್ಕೆ ತರುತ್ತೇವೆ. ಮಾರಾಟ 1,66,80,000 ಎಂದಾಗುತ್ತದೆ.

ಇಲ್ಲಿಂದ ಮುಂದೆ ವಿಶೇಷ ಏರ್ಪಾಡೇನೂ ಬೇಕಿಲ್ಲ. ಬಿಲ್ ಆದ ಮೇಲೆ ಬರಬೇಕಾದ ಡಾಲರ್ ಬಾಕಿಯೂ ಪುಸ್ತಕದಲ್ಲಿದೆ, ಫಾರ್ವರ್ಡೂ ಇದೆ. ಎರಡನ್ನೂ ಹೊಸ ದರಕ್ಕೆ ತರುವಾಗ ಎರಡರ ವ್ಯತ್ಯಾಸವೂ ಲಾಭ-ನಷ್ಟ ಖಾತೆಗೇ ಬರುತ್ತದೆ. ಜೂನ್ 30ಕ್ಕೆ ಡಾಲರ್ 85.00 ಆಯಿತು ಎನ್ನಿ. ಬಾಕಿಯ ಮೇಲೆ 60 ಪೈಸೆ ಲಾಭ, 1,20,000. ಫಾರ್ವರ್ಡಿನ ನಷ್ಟ ಒಂದು ರೂಪಾಯಿಯಿಂದ 1.20ಕ್ಕೆ ಹೋಯಿತು, ಅಂದರೆ ಇನ್ನೂ 40,000. ಉಳಿದದ್ದು 80,000 ಲಾಭ. ಅದನ್ನು 1,66,80,000ಕ್ಕೆ ಕೂಡಿಸಿದರೆ 1,67,60,000. ಜನವರಿ 20ರಂದು ಬ್ಯಾಂಕು ಹೇಳಿದ 83.80ರ ಲೆಕ್ಕವೇ ಇದು. ಹೀಗೆ ಕಡೆಯ ಪೈಸೆಯವರೆಗೆ ತಾಳೆಯಾಗದಿದ್ದರೆ ಎಲ್ಲೋ ತಪ್ಪು ದರ ಹಿಡಿದಿದ್ದೇವೆ ಎಂದರ್ಥ. ನನ್ನ ಕಚೇರಿಯ ಹುಡುಗರು ಸಾಮಾನ್ಯವಾಗಿ ಎಡವುವುದು ಮಾರ್ಚ್ 31ಕ್ಕೆ ಫಾರ್ವರ್ಡ್ ದರದ ಬದಲು ಅಂದಿನ ಸ್ಪಾಟ್ ದರ ಹಾಕಿ.

"ಹಾಗಾದರೆ ಈಗ ಬರೆಯೋಣ" ಎಂದರು ಧಣಿಗಳು. ಏಪ್ರಿಲ್‌ನಲ್ಲಿ ಕುಳಿತು ಜನವರಿಯ ತಾರೀಕು ಹಾಕಿ. ಆಗುವುದಿಲ್ಲ ಎಂದೆ. ನಿಯಮ ಮಾಡಿದವರಿಗೆ ಕಾಗದದ ವ್ಯಾಮೋಹ ಎಂದು ಇದನ್ನು ತಳ್ಳಿಹಾಕಬೇಡಿ. ನಂತರ ಜೋಡಿಸಲು ಬಿಟ್ಟರೆ ಎಲ್ಲರೂ ಏನು ಮಾಡುತ್ತಾರೆ? ನಷ್ಟ ಬಂದ ಫಾರ್ವರ್ಡುಗಳನ್ನೆಲ್ಲ ಕಪಾಟಿಗೆ ಹಾಕುತ್ತಾರೆ, ಲಾಭ ಬಂದವನ್ನು ಈ ವರ್ಷವೇ ತೋರಿಸಿ ಮೆರೆಯುತ್ತಾರೆ. ಅದಕ್ಕೇ ದರ ಯಾವ ಕಡೆ ಹೋಗುತ್ತದೆ ಎಂದು ಗೊತ್ತಾಗುವ ಮೊದಲೇ ಬರೆಯಬೇಕು. ಲಾಭ ಬಂದರೂ ಅದೇ ಕಪಾಟು. ನಡುವೆ ಮನಸ್ಸು ಬದಲಾಯಿತೆಂದು ಬಿಡಿಸಿಕೊಳ್ಳಲೂ ಇಂಡ್ ಎಎಸ್ 109 ಅವಕಾಶ ಕೊಡುವುದಿಲ್ಲ. ತಡವಾಗಿ ಗೊತ್ತುಪಡಿಸಬಹುದು, ಆದರೆ ಅದು ಆ ದಿನದಿಂದ ಮುಂದಕ್ಕೆ ಮಾತ್ರ. ಅಲ್ಲಿಯವರೆಗಿನ ನಷ್ಟ ಲಾಭ-ನಷ್ಟ ಖಾತೆಯಲ್ಲೇ ಉಳಿಯುತ್ತದೆ.

ಬರೆಯಬೇಕಾದದ್ದು ಒಂದೇ ಹಾಳೆ. ಫಾರ್ವರ್ಡಿನ ಸಂಖ್ಯೆ, ಮೊತ್ತ, ಅವಧಿ. ಅದು ಯಾವ ಮಾರಾಟಕ್ಕೆ. ಅಪಾಯ ಯಾವುದು (ಡಾಲರ್-ರೂಪಾಯಿ ದರ). ಏಕೆ ಹೆಡ್ಜ್ ಮಾಡುತ್ತಿದ್ದೀರಿ. ಒಂದು ಡಾಲರಿಗೆ ಒಂದು ಡಾಲರ್ ಎಂಬ ಅನುಪಾತ. ಎರಡೂ ಒಂದಕ್ಕೊಂದು ಎದುರಾಗಿ ಚಲಿಸುತ್ತವೆ ಎಂದು ಹೇಗೆ ನೋಡುತ್ತೀರಿ, ಎಲ್ಲಿ ತಾಳ ತಪ್ಪಬಹುದು. ಸಹಿ, ದಿನಾಂಕ. ಇದರಲ್ಲಿ 'ಯಾವ ಮಾರಾಟಕ್ಕೆ' ಎಂಬಲ್ಲಿ ಮಾತ್ರ ಸ್ವಲ್ಪ ಜಾಣತನ ಬೇಕು. ಒಬ್ಬನೇ ಖರೀದಿದಾರನ ಒಂದೇ ಆರ್ಡರಿನ ಸಂಖ್ಯೆ ಬರೆದರೆ, ಅವನು ಕೈಕೊಟ್ಟ ದಿನ ಜೋಡಣೆಯೂ ಮುರಿಯುತ್ತದೆ. ಪ್ರತಿ ತಿಂಗಳೂ ನಾಲ್ಕೈದು ಕಂಟೇನರ್ ಹೋಗುವ ಕಾರ್ಖಾನೆಯಾದರೆ "ಏಪ್ರಿಲ್‌ನಲ್ಲಿ ಸಾಗಿಸಿ ಜೂನ್‌ನಲ್ಲಿ ಹಣ ಬರುವ ಮಾರಾಟದ ಮೊದಲ 2 ಲಕ್ಷ ಡಾಲರ್" ಎಂದು ಬರೆಯುವುದು ಲೇಸು. "ನಮ್ಮ ರಫ್ತಿನ ಒಂದು ಭಾಗ" ಎಂದು ಬರೆದರೆ ಸಾಲದು; ಯಾವ ಡಾಲರ್ ಎಂದು ಬೆರಳಿಟ್ಟು ತೋರಿಸಲು ಬರಬೇಕು.

ಸಾಗಣೆ ಒಂದು ತಿಂಗಳು ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಮಾರಾಟ ಆಗಿಯೇ ಆಗುತ್ತದೆ ಎಂದಿದ್ದರೆ ಮೊತ್ತ ಕಪಾಟಿನಲ್ಲೇ ಇರುತ್ತದೆ, ಅವಧಿ ಹೊಂದದ ಅಷ್ಟು ಭಾಗದ ವ್ಯತ್ಯಾಸ ಮಾತ್ರ ಹೊರಬರಬಹುದು. ಆರ್ಡರ್ ರದ್ದಾಗಿ ಬದಲಿ ಮಾರಾಟವೂ ಇಲ್ಲ ಎಂದಾದರೆ ಬೇರೆ ಮಾತು: ಕಪಾಟಿನಲ್ಲಿದ್ದದ್ದು ಆ ಕ್ಷಣವೇ ಲಾಭ-ನಷ್ಟ ಖಾತೆಗೆ.

ಧಣಿಗಳ ಕಡತ ತಿರುವುವಾಗ ಇನ್ನೊಂದು ಸಿಕ್ಕಿತು. ಅದೇ ಆರ್ಡರಿನ ಮೇಲೆ ಅವರು 80,000 ಡಾಲರಿನ ಪ್ಯಾಕಿಂಗ್ ಕ್ರೆಡಿಟನ್ನು ಡಾಲರಿನಲ್ಲೇ ತೆಗೆದುಕೊಂಡಿದ್ದರು. ಬ್ಯಾಂಕು ಆ ಡಾಲರನ್ನು ಅಂದೇ ರೂಪಾಯಿ ಮಾಡಿ ಕೊಟ್ಟಿದೆ. ಸಾಲ ತೀರುವುದು ಬರುವ ರಫ್ತು ಡಾಲರಿನಿಂದಲೇ. ಅಂದರೆ ಆ 80,000 ಡಾಲರಿನ ದರ ಆಗಲೇ ನಿಗದಿಯಾಗಿದೆ. ಫಾರ್ವರ್ಡಿನಲ್ಲಿ ಬ್ಯಾಂಕಿಗೆ ಕೊಡಲು ಉಳಿಯುವುದು 1,20,000 ಮಾತ್ರ, ಒಪ್ಪಿಕೊಂಡದ್ದು 2 ಲಕ್ಷ. ಹೆಚ್ಚಿನ 80,000 ಹೆಡ್ಜ್ ಅಲ್ಲ, ಡಾಲರ್ ಇಳಿಯಲಿ ಎಂದು ಕಟ್ಟಿದ ಬಾಜಿ. ಅದರ ನಷ್ಟವನ್ನು ಯಾವ ಹಾಳೆಯೂ ಕಪಾಟಿಗೆ ಸೇರಿಸದು. ಆಫ್ರಿಕಾದಿಂದ ಕಚ್ಚಾ ಬೀಜ ತರಿಸಿ ಡಾಲರಿನಲ್ಲಿ ಹಣ ಕೊಡುವವರೂ ಹೀಗೆಯೇ ಕೊಡುವುದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಫಾರ್ವರ್ಡ್ ಮಾಡುವುದು ಒಳ್ಳೆಯದು.

ಇಂಡ್ ಎಎಸ್ ವ್ಯಾಪ್ತಿಗೆ ಬಾರದ ಸಣ್ಣ ಕಂಪನಿಗಳಿಗೆ ದಾರಿ ಸ್ವಲ್ಪ ಬೇರೆ. ಬಿಲ್ ಆದ ಬಾಕಿಯ ಮೇಲಿನ ಫಾರ್ವರ್ಡಿಗೆ ಎಎಸ್ 11 ಇದೆ. ಪ್ರೀಮಿಯಂ ಮೊತ್ತವನ್ನು ಕರಾರಿನ ಅವಧಿಗೆ ಹಂಚುತ್ತಾರೆ. ಆಗಬೇಕಾದ ಮಾರಾಟದ ಮೇಲಿನದಕ್ಕೆ 2016ರ ಏಪ್ರಿಲ್‌ನಿಂದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಮಾರ್ಗದರ್ಶಿ ಟಿಪ್ಪಣಿ ಅನ್ವಯಿಸುತ್ತದೆ, ಮೊದಲೇ ಬರೆದಿಡುವ ಷರತ್ತು ಅಲ್ಲಿಯೂ ತಪ್ಪಿದ್ದಲ್ಲ. ಆದಾಯ ತೆರಿಗೆಯ ಲೆಕ್ಕವೇ ಬೇರೆ. ಅದನ್ನು ಇದರೊಂದಿಗೆ ಬೆರೆಸಬೇಡಿ, ನಿಮ್ಮ ಆಡಿಟರನ್ನು ಪ್ರತ್ಯೇಕವಾಗಿ ಕೇಳಿ.

ತಮಾಷೆಯೆಂದರೆ, ಧಣಿಗಳ ತಂದೆಯ ಕಾಲದ ಗುಮಾಸ್ತರೊಬ್ಬರು ಇದನ್ನೆಲ್ಲ ಯಾರೂ ಹೇಳದೆಯೇ ಮಾಡುತ್ತಿದ್ದರು. ಕೆಂಪು ಬಟ್ಟೆ ಹೊದಿಸಿದ ಉದ್ದ ಪುಸ್ತಕ. ಪ್ರತಿ ಆರ್ಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬ್ಯಾಂಕಿನ ಕರಾರು ಸಂಖ್ಯೆ, ದರ, ತಾರೀಕು, ಮುಂಗಡ ತೆಗೆದದ್ದಿದ್ದರೆ ಅದನ್ನು ಕಳೆದ ಬಾಕಿ. ಹೆಡ್ಜ್ ಎಂಬ ಪದ ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರು ನಿವೃತ್ತರಾದ ಮೇಲೆ ಕಂಪ್ಯೂಟರ್ ಬಂತು, ಅಂಚು ಹೋಯಿತು. ಆ ಪುಸ್ತಕವನ್ನು ಧಣಿಗಳ ಮುಂದಿಟ್ಟು, "ಇಷ್ಟು ಬರೆಸಿ, ಸಾಕು" ಎಂದೆ. ಅವರು ಬಹಳ ಹೊತ್ತು ಪುಟ ತಿರುವಿದರು. ಆ ವರ್ಷದ 1,80,000 ಮಾತ್ರ ಇದ್ದಲ್ಲೇ ಇತ್ತು.

ಮೊನ್ನೆ ಅವರ ಹೊಸ ಫಾರ್ವರ್ಡಿನ ಹಾಳೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಮೊತ್ತ ಸರಿ, ತಿಂಗಳು ಸರಿ, ಪ್ಯಾಕಿಂಗ್ ಕ್ರೆಡಿಟನ್ನೂ ಕಳೆದಿದ್ದಾರೆ. ಸಹಿಯ ಕೆಳಗೆ ದಿನಾಂಕ ಇರಲಿಲ್ಲ. ವಾಪಸು ಕಳುಹಿಸಿದೆ.