ಅಸಲು ಬಂದರೆ ಸಾಕು: ಬೆಲೆಯ ನೆನಪು ಉಳಿಯುವುದೆಲ್ಲಿ?

1966ರ ಫೆಬ್ರುವರಿ 9ರಂದು ನ್ಯೂಯಾರ್ಕ್ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 995.15ಕ್ಕೆ ನಿಂತಿತು. ಇನ್ನು ಐದು ಅಂಶ ಏರಿದ್ದರೆ ಸಾವಿರ. ಆದರೆ ಆ ಐದು ಅಂಶ ಬರಲಿಲ್ಲ. ಅಕ್ಟೋಬರ್ ಹೊತ್ತಿಗೆ ಸೂಚ್ಯಂಕ 744ಕ್ಕೆ ಇಳಿದಿತ್ತು. 1968ರ ಡಿಸೆಂಬರಿನಲ್ಲಿ ಮತ್ತೆ ಏರಿ 985ರವರೆಗೆ ಬಂದು, ಅಲ್ಲಿಂದಲೇ ಹಿಂದಿರುಗಿತು. 1972ರ ನವೆಂಬರ್ 14ರಂದು ಕೊನೆಗೂ 1003.16ಕ್ಕೆ ಮುಗಿದಾಗ ಗಡಿ ದಾಟಿದೆವು ಎಂದು ಪೇಟೆ ಸಂಭ್ರಮಿಸಿತು. ಎರಡು ತಿಂಗಳಲ್ಲಿ 1051ರ ಶಿಖರ ಮುಟ್ಟಿದ ಮೇಲೆ ಶುರುವಾದ ಕುಸಿತ ನಿಂತದ್ದು 1974ರ ಡಿಸೆಂಬರಿನಲ್ಲಿ, 577ರ ಹತ್ತಿರ. 1976ರಲ್ಲಿ ಸಾವಿರದ ಆಚೆಗೂ ಈಚೆಗೂ ಹಲವು ಸಲ ಓಡಾಡಿತು, 1981ರಲ್ಲಿ 1024 ಕಂಡಿತು. ಎರಡು ಸಲವೂ ಅಲ್ಲಿ ನಿಲ್ಲಲಾಗಲಿಲ್ಲ. ಸಾವಿರ ಎಂಬ ಅಂಕಿ ಹದಿನಾರು ವರ್ಷ ಪೇಟೆಯ ತಲೆಯ ಮೇಲೆ ಚಾವಣಿಯಂತೆ ಕೂತಿತ್ತು.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ಸರಕುಗಳ ಬೆಲೆ ಸುಮಾರು ಮೂರು ಪಟ್ಟಾಯಿತು. ಅಂದರೆ 1981ರ ಸಾವಿರ 1966ರ ಸಾವಿರವಲ್ಲ. ಕೊಳ್ಳುವ ಶಕ್ತಿಯಲ್ಲಿ ಅದು ಹಳೆಯದರ ಮೂರನೇ ಒಂದು ಭಾಗದಷ್ಟು. ಕಂಪನಿಗಳ ಮೌಲ್ಯವೊಂದೇ ಬೆಲೆಯನ್ನು ತಡೆಯುತ್ತಿದ್ದಿದ್ದರೆ ತಡೆಯ ಅಂಕಿ ವರ್ಷ ವರ್ಷ ಮೇಲಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಜನ ನೆನಪಿಟ್ಟುಕೊಂಡದ್ದು ಮೌಲ್ಯವನ್ನಲ್ಲ, ಅಂಕಿಯನ್ನು. ಇಳಿಯುವ ಬೆಲೆ ನಿಲ್ಲುವ ಜಾಗವನ್ನು ಬೆಂಬಲ ಮಟ್ಟ, ಏರುವ ಬೆಲೆ ತಡೆದು ನಿಲ್ಲುವ ಜಾಗವನ್ನು ಪ್ರತಿರೋಧ ಮಟ್ಟ ಎಂದು ಗುರುತಿಸಿ ನಾವು ಚಾರ್ಟಿನ ಮೇಲೆ ಎಳೆಯುವ ಗೆರೆಗಳ ಹಿಂದೆ ಇಂಥ ನೆನಪು ಕೆಲಸ ಮಾಡುತ್ತದೆ ಎಂಬ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ವಿಚಾರ ಹಳೆಯದು. 1930ರ ದಶಕದ ಆರಂಭದಲ್ಲಿ ಅಮೆರಿಕದ ರಿಚರ್ಡ್ ಶಾಬಾಕರ್ ಚಾರ್ಟುಗಳ ಅಧ್ಯಯನವನ್ನು ಒಂದು ಶಿಸ್ತಿಗೆ ತಂದರು. ಅವರ ಕೆಲಸವನ್ನು ಮುಂದುವರಿಸಿದ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮೆಗೀ 1948ರಲ್ಲಿ ಅದನ್ನು ವಿಸ್ತಾರವಾಗಿ ಬರೆದರು. ಒಮ್ಮೆ ಭಾರೀ ವಹಿವಾಟು ನಡೆದ ಬೆಲೆಗೆ ಷೇರು ಮರಳಿದಾಗ ಅಲ್ಲಿ ಮತ್ತೆ ಕೊಡುಕೊಳ್ಳುವಿಕೆ ಜೋರಾಗುತ್ತದೆ, ಯಾಕೆಂದರೆ ಆ ಬೆಲೆಯ ಜೊತೆ ಸಂಬಂಧ ಇರುವವರು ಇನ್ನೂ ಪೇಟೆಯಲ್ಲಿದ್ದಾರೆ: ಆ ಪರಂಪರೆಯ ವಿವರಣೆಯ ತಿರುಳು ಇಷ್ಟೇ. ಮುಂದೆ ಚಾರ್ಟ್ ಕಲಿತವರಲ್ಲಿ ಹಲವರು ಗೆರೆಯನ್ನು ಉಳಿಸಿಕೊಂಡು ಗೆರೆಯ ಹಿಂದಿನ ಜನರನ್ನು ಮರೆತರು ಎಂಬುದು ನನ್ನ ಬೇಸರ.

ಆ ಜನರನ್ನು ಹತ್ತಿರದಿಂದ ನೋಡಲು ಒಂದು ಕಾಲ್ಪನಿಕ ಷೇರನ್ನು ತೆಗೆದುಕೊಳ್ಳೋಣ. ಅದು ಮೂರು ವಾರ 98 ಮತ್ತು 102ರ ನಡುವೆ ಓಡಾಡಿತು, ಆ ಅವಧಿಯಲ್ಲಿ ಹತ್ತು ಲಕ್ಷ ಷೇರು ಕೈ ಬದಲಾಯಿಸಿತು. ಆಮೇಲೆ ಬೆಲೆ ಬಿದ್ದು 80ಕ್ಕೆ ಬಂತು. 100ರ ಆಸುಪಾಸಿನಲ್ಲಿ ಕೊಂಡವರು ಈಗ ಸಿಕ್ಕಿಬಿದ್ದಿದ್ದಾರೆ. ಕೆಲವರು ದಾರಿಯಲ್ಲೇ ನಷ್ಟ ನುಂಗಿ ಮಾರಿಬಿಟ್ಟರು. ಹಾಗೆ ಹೋದದ್ದು ನಾಲ್ಕು ಲಕ್ಷ ಷೇರು ಎನ್ನಿ. ಅವರ ಜೊತೆಗೇ 100ರ ನೆನಪೂ ಹೊರಗೆ ಹೋಯಿತು. ಅವರಿಂದ 85ಕ್ಕೋ 90ಕ್ಕೋ ಕೊಂಡವರಿಗೆ 100 ಎಂಬ ಅಂಕಿ ಯಾವ ನೋವನ್ನೂ ನೆನಪಿಸುವುದಿಲ್ಲ. ಉಳಿದ ಆರು ಲಕ್ಷ ಷೇರಿನವರಲ್ಲಿ ಅರ್ಧದಷ್ಟು ಜನ ರಾತ್ರಿ ಹಗಲು ಒಂದೇ ಮಾತು ಹೇಳಿಕೊಳ್ಳುತ್ತಿದ್ದಾರೆ: ಲಾಭ ಬೇಡ, ಅಸಲು ಬಂದರೆ ಸಾಕು. ಹಾಗಾಗಿ 100ರ ಹತ್ತಿರ ಮೂರು ಲಕ್ಷ ಷೇರು ಮಾರಾಟಕ್ಕೆ ಕಾದು ಕೂತಿದೆ. ಚಾರ್ಟಿನಲ್ಲಿ ಅದು ಕಾಣುವುದಿಲ್ಲ. ಬೆಲೆ ಅಲ್ಲಿಗೆ ಬರುವ ತನಕ ಆರ್ಡರ್ ಪಟ್ಟಿಯಲ್ಲೂ ಬಹುಪಾಲು ಕಾಣುವುದಿಲ್ಲ, ಯಾಕೆಂದರೆ ಅದು ಇನ್ನೂ ಜನರ ತಲೆಯಲ್ಲೇ ಇದೆ.

ಬೆಲೆ ಮೊದಲ ಸಲ 100 ಮುಟ್ಟಿದಾಗ ಒಂದು ಲಕ್ಷ ಷೇರು ಮಾರಾಟವಾಗಿ, ಕೊಳ್ಳುವವರು ಸುಸ್ತಾಗಿ, ಬೆಲೆ 92ಕ್ಕೆ ಮರಳುತ್ತದೆ. ಎರಡನೇ ಸಲ ಇನ್ನೊಂದು ಲಕ್ಷದ ಮೇಲೆ ಇಪ್ಪತ್ತು ಸಾವಿರ ಹೋಗುತ್ತದೆ, ಇಳಿತ 96ಕ್ಕೇ ನಿಲ್ಲುತ್ತದೆ. ಮೂರನೇ ಸಲಕ್ಕೆ ಉಳಿದಿರುವುದು ಎಂಬತ್ತು ಸಾವಿರ ಮಾತ್ರ. ಅದಕ್ಕಿಂತ ಹೆಚ್ಚು ಬೇಕಾದವನು 103 ಕೊಡಲೇಬೇಕು. ಒಂದು ಮಟ್ಟವನ್ನು ಬೆಲೆ ಎಷ್ಟು ಸಲ ಮುಟ್ಟಿ ಹಿಂದಿರುಗುತ್ತದೋ ಅದು ಅಷ್ಟು ಗಟ್ಟಿ ಎಂದು ಬಹಳ ಜನ ಹೇಳುತ್ತಾರೆ. ಪ್ರತಿರೋಧ ಹುಟ್ಟಿದ್ದು ಸಿಕ್ಕಿಬಿದ್ದವರಿಂದಾದರೆ ನಾನು ಅದನ್ನು ಒಪ್ಪುವುದಿಲ್ಲ. ಪ್ರತಿ ಭೇಟಿಯೂ ಕಾಯುತ್ತಿದ್ದವರ ಸಾಲನ್ನು ಚಿಕ್ಕದು ಮಾಡುತ್ತದೆ. ಸಾಲು ಕರಗುತ್ತಿದೆಯೇ ಎಂದು ತಿಳಿಯಲು ಎಷ್ಟು ಸಲ ಮುಟ್ಟಿತು ಎಂದು ಎಣಿಸುವುದಕ್ಕಿಂತ, ಮುಟ್ಟಿದ ಮೇಲಿನ ಇಳಿತ ಆಳವಾಗುತ್ತಿದೆಯೋ ತೆಳುವಾಗುತ್ತಿದೆಯೋ ಎಂದು ನೋಡುವುದು ಮೇಲು.

ದಾಟಿದ ಮೇಲೆ ಅದೇ ಗೆರೆ ಬೆಂಬಲವಾಗಿ ತಿರುಗುವುದೂ ಇದೇ ಲೆಕ್ಕದಿಂದ. ಬೆಲೆ 115ಕ್ಕೆ ಹೋಗಿ 100ಕ್ಕೆ ಮರಳಿತು ಎನ್ನೋಣ. ಈಗ ಆ ಬೆಲೆಯಲ್ಲಿ ಅಸಲಿಗಾಗಿ ಕಾಯುತ್ತಿದ್ದ ಹಳಬರು ಹೆಚ್ಚಿಲ್ಲ. ಬದಲಿಗೆ 100ಕ್ಕೆ ಮಾರಿ, 115 ನೋಡಿ ಕೈ ಕೈ ಹಿಸುಕಿಕೊಂಡವರಿದ್ದಾರೆ. ಅವರಿಗೆ 110ಕ್ಕೆ ಮತ್ತೆ ಕೊಳ್ಳಲು ಮನಸ್ಸು ಬರಲಿಲ್ಲ, ಹಾಗೆ ಕೊಂಡರೆ ತಾವು ಮಾರಿದ್ದು ತಪ್ಪೆಂದು ಒಪ್ಪಿಕೊಂಡಂತೆ. ಮಾರಿದ ಬೆಲೆಗೇ ಮರಳಿ ಸಿಕ್ಕರೆ ಆ ಮುಜುಗರ ಇಲ್ಲ.

ದಶಕಗಳ ಕಾಲ ಇದೆಲ್ಲ ಅನುಭವಸ್ಥರ ಮಾತಾಗಿಯೇ ಉಳಿದಿತ್ತು. ಹಳೆಯ ಬೆಲೆಗಳಿಂದ ಮುಂದಿನ ಬೆಲೆ ಹೇಳಲಾಗದು ಎಂಬ ನಿಲುವಿನ ಅರ್ಥಶಾಸ್ತ್ರಜ್ಞರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೂ ಇಲ್ಲ. ಆದರೆ ಅಸಲಿನ ನೆನಪಿಗೆ ಪುರಾವೆ ಅದೇ ಶಾಸ್ತ್ರದ ಒಳಗಿನಿಂದ ಬಂತು. ಗಳಿಸಿದ ಖುಷಿಗಿಂತ ಕಳೆದುಕೊಂಡ ನೋವು ದೊಡ್ಡದು, ಎರಡನ್ನೂ ಮನಸ್ಸು ಒಂದು ಆರಂಭಬಿಂದುವಿನಿಂದ ಅಳೆಯುತ್ತದೆ ಎಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ವಾದಿಸಿದರು. ಷೇರು ಕೊಂಡವನಿಗೆ ಆ ಬಿಂದು ಸಾಮಾನ್ಯವಾಗಿ ಕೊಂಡ ಬೆಲೆ. 1998ರಲ್ಲಿ ಟೆರನ್ಸ್ ಓಡೀನ್ ಒಂದು ಬ್ರೋಕರೇಜ್ ಸಂಸ್ಥೆಯ ಹತ್ತು ಸಾವಿರ ಖಾತೆಗಳಲ್ಲಿ 1987ರಿಂದ 1993ರವರೆಗೆ ನಡೆದ ವಹಿವಾಟನ್ನು ಪರಿಶೀಲಿಸಿ ಪ್ರಕಟಿಸಿದರು. ಮಾರುವ ದಿನ ಬಂದಾಗ, ಲಾಭದಲ್ಲಿದ್ದ ಷೇರುಗಳಲ್ಲಿ ಶೇ 14.8ರಷ್ಟನ್ನು ಜನ ಮಾರಿದ್ದರು, ನಷ್ಟದಲ್ಲಿದ್ದವುಗಳಲ್ಲಿ ಶೇ 9.8ರಷ್ಟನ್ನು ಮಾತ್ರ. ತೆರಿಗೆ ಲೆಕ್ಕ ಮುಗಿಯುವ ಡಿಸೆಂಬರ್ ತಿಂಗಳೊಂದರಲ್ಲೇ ಇದು ತಿರುಗುಮುರುಗಾಗಿತ್ತು. ಮಾರಿದ ಷೇರನ್ನು ಮರಳಿ ಕೊಳ್ಳುವ ವಿಷಯದಲ್ಲೂ 2011ರ ಅಧ್ಯಯನವೊಂದರಲ್ಲಿ ಓಡೀನ್ ಮತ್ತು ಸಂಗಡಿಗರು ಮೇಲೆ ಹೇಳಿದ ನಡವಳಿಕೆಯನ್ನೇ ಕಂಡರು: ತಾವು ಮಾರಿದ ಮೇಲೆ ಇಳಿದ ಷೇರನ್ನು ಜನ ಮತ್ತೆ ಕೊಳ್ಳುತ್ತಾರೆ, ಏರಿದ್ದನ್ನು ಕೊಳ್ಳಲು ಹಿಂಜರಿಯುತ್ತಾರೆ.

ಮಟ್ಟಗಳನ್ನೇ ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅರ್ಥಶಾಸ್ತ್ರಜ್ಞೆ ಕ್ಯಾರಲ್ ಓಸ್ಲರ್. ಆರು ಸಂಸ್ಥೆಗಳು 1996ರಿಂದ 1998ರವರೆಗೆ ತಮ್ಮ ಗ್ರಾಹಕರಿಗೆ ಪ್ರತಿದಿನ ಕಳಿಸುತ್ತಿದ್ದ ಕರೆನ್ಸಿ ಬೆಂಬಲ, ಪ್ರತಿರೋಧ ಮಟ್ಟಗಳನ್ನು ಅವರು ಕಲೆಹಾಕಿದರು. ಅವುಗಳ ಪಕ್ಕದಲ್ಲಿ ಮನಬಂದಂತೆ ಆರಿಸಿದ ಅಂಕಿಗಳನ್ನಿಟ್ಟು, ದರ ಎಲ್ಲಿ ಹೆಚ್ಚು ಸಲ ಹಿಂದಿರುಗುತ್ತದೆ ಎಂದು ಎಣಿಸಿದರು. ಸಂಸ್ಥೆಗಳು ಕೊಟ್ಟ ಮಟ್ಟಗಳೇ ಗೆದ್ದವು. ಆದರೆ ಮನಬಂದ ಅಂಕಿಗಳಲ್ಲೂ ದರ ಸಾಕಷ್ಟು ಸಲ ಹಿಂದಿರುಗುತ್ತದೆ ಎಂಬುದನ್ನು ಮರೆಯಬಾರದು. ಗೆಲುವಿನ ಅಂತರ ದೊಡ್ಡದಲ್ಲ. ನಾವು ಎಳೆದ ಗೆರೆಯಿಂದ ಬೆಲೆ ಹಿಂದಿರುಗಿತು ಎಂಬುದೊಂದೇ ಗೆರೆ ಸರಿ ಎನ್ನಲು ಸಾಕ್ಷಿಯಾಗದು.

ಹಿಂದಿರುಗುವುದು ಯಾಕೆ ಎಂಬುದಕ್ಕೆ ಅವರು 2003ರಲ್ಲಿ ಉತ್ತರ ಕೊಟ್ಟರು. ಒಂದು ದೊಡ್ಡ ಬ್ಯಾಂಕಿನ ಗ್ರಾಹಕರು ಮೊದಲೇ ಬರೆಸಿಟ್ಟಿದ್ದ 9,655 ಆರ್ಡರುಗಳನ್ನು ನೋಡಿದಾಗ, ಲಾಭ ತೆಗೆದುಕೊಳ್ಳುವ ಆರ್ಡರುಗಳು ಸೊನ್ನೆಯಲ್ಲಿ ಮುಗಿಯುವ ಅಂಕಿಗಳ ಮೇಲೆಯೇ ಗುಂಪುಗೂಡಿದ್ದವು. ನಷ್ಟ ಒಂದು ಮಿತಿ ಮೀರದಂತೆ ತಾನಾಗಿ ವಹಿವಾಟು ಮುಗಿಸುವ ಸ್ಟಾಪ್ ಲಾಸ್ ಆರ್ಡರುಗಳು ಆ ಅಂಕಿಯಿಂದ ಸ್ವಲ್ಪ ಆಚೆ ಕೂತಿದ್ದವು: ಕೊಳ್ಳುವ ಸ್ಟಾಪ್ ಮೇಲೆ, ಮಾರುವ ಸ್ಟಾಪ್ ಕೆಳಗೆ. ದರ ದುಂಡು ಅಂಕಿಗೆ ಬಂದಾಗ ಲಾಭದ ಆರ್ಡರುಗಳು ಅದನ್ನು ಹಿಂದಕ್ಕೆ ತಳ್ಳುತ್ತವೆ. ಹೇಗೋ ನುಸುಳಿ ದಾಟಿತೆಂದರೆ ಆಚೆಯಲ್ಲಿರುವ ಸ್ಟಾಪ್‌ಗಳು ಒಂದರ ಹಿಂದೆ ಒಂದು ಸಿಡಿದು ಅದೇ ದಿಕ್ಕಿಗೆ ನೂಕುತ್ತವೆ. ತಡೆಯುವುದೂ, ಮುರಿದಾಗ ಓಡುವುದೂ ಒಂದೇ ಜಾಗದಲ್ಲಿ ಯಾಕೆ ಎಂಬುದು ಇಲ್ಲಿ ಬಿಡಿಸಿಕೊಳ್ಳುತ್ತದೆ.

ಡೌ ಸಾವಿರದ ಕಥೆಯಲ್ಲೂ ಹೆಚ್ಚು ಕೆಲಸ ಮಾಡಿದ್ದು ಕೊಂಡ ಬೆಲೆಯಲ್ಲ, ಈ ದುಂಡು ಅಂಕಿಯೇ ಎಂದು ನನಗನಿಸುತ್ತದೆ. ಆಗ ಸೂಚ್ಯಂಕವನ್ನೇ ಕೊಂಡು ಇಟ್ಟುಕೊಂಡವರು ಇರಲಿಲ್ಲ. ಅದರೊಳಗಿನ ಮೂವತ್ತು ಷೇರುಗಳಿಗೆ ಒಂದೊಂದಕ್ಕೂ ಬೇರೆ ಚರಿತ್ರೆ ಇತ್ತು. ಎಲ್ಲರಿಗೂ ಸಮಾನವಾಗಿದ್ದದ್ದು ಪತ್ರಿಕೆಯ ಮುಖಪುಟದ ಅಂಕಿ ಮತ್ತು ಕಳೆದ ಸಲ ಅಲ್ಲಿ ಏನಾಯಿತು ಎಂಬ ನೆನಪು. ಬಡ್ಡಿ ದರ, ತೈಲ ಬಿಕ್ಕಟ್ಟುಗಳ ಪಾಲು ದೊಡ್ಡದಿತ್ತು, ನಿಜ. ಪೇಟೆ ಯಾಕೆ ಬಿತ್ತು ಎಂಬುದನ್ನು ಅವು ವಿವರಿಸುತ್ತವೆ. ಏರಿದಾಗಲೆಲ್ಲ ಅದೇ ಅಂಕಿಯ ಹತ್ತಿರ ಯಾಕೆ ಏದುಸಿರು ಬಿಟ್ಟಿತು ಎಂಬುದನ್ನು ಅಷ್ಟು ಚೆನ್ನಾಗಿ ವಿವರಿಸುವುದಿಲ್ಲ. 1982ರ ಆಗಸ್ಟಿನಲ್ಲಿ 777ರಿಂದ ಎದ್ದ ಏರಿಕೆ ಅಕ್ಟೋಬರಿನಲ್ಲಿ ಸಾವಿರ ದಾಟಿತು. ಆ ವರ್ಷದ ಕೊನೆಯೊಳಗೆ ಮರಳಿ ಗಡಿಯ ಕೆಳಗಿಳಿದು ನೋಡಿ, ಹೊಸ ವರ್ಷದಲ್ಲಿ ಮೇಲೆ ಹೋದದ್ದು ಮತ್ತೆ ಆ ಅಂಕಿಗೆ ಇಳಿದಿಲ್ಲ.

ನೆನಪಿಲ್ಲದೆಯೂ ಗೆರೆ ಗಟ್ಟಿಯಾಗಿ ಕಾಣುವುದುಂಟು, ಅಪಾಯ ಅಲ್ಲಿದೆ. 2011ರ ಸೆಪ್ಟೆಂಬರ್ 6ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ ಒಂದು ಯೂರೋದ ಬೆಲೆ 1.20 ಫ್ರಾಂಕಿಗಿಂತ ಇಳಿಯಲು ಬಿಡುವುದಿಲ್ಲ ಎಂದು ಘೋಷಿಸಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ದರ ಬಹುತೇಕ 1.20ರ ಮೇಲೆಯೇ ಇತ್ತು. ಚಾರ್ಟ್ ಮಾತ್ರ ನೋಡುವವರಿಗೆ ಅದಕ್ಕಿಂತ ಭದ್ರವಾದ ಬೆಂಬಲ ಇನ್ನೊಂದಿರಲಿಲ್ಲ. ಅನೇಕರು ಅಲ್ಲಿ ಯೂರೋ ಕೊಂಡು, ಅದರ ಕೆಳಗೇ ಸ್ಟಾಪ್ ಲಾಸ್ ಇಟ್ಟು ನಿಶ್ಚಿಂತರಾಗಿದ್ದರು. ಆದರೆ ಆ ಗೆರೆಯನ್ನು ಹಿಡಿದಿದ್ದದ್ದು ಒಂದೇ ಸಂಸ್ಥೆಯ ಮಾತು. 2015ರ ಜನವರಿ 15ರ ಬೆಳಿಗ್ಗೆ ಬ್ಯಾಂಕ್ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗಿತ್ತು. ಸ್ಟಾಪ್‌ಗಳೇನೋ ಸಿಡಿದವು, ಎದುರಿಗೆ ಕೊಳ್ಳುವವರೇ ಇರಲಿಲ್ಲ. ನಷ್ಟ ಶೇ 1ಕ್ಕೆ ನಿಲ್ಲುತ್ತದೆ ಎಂದುಕೊಂಡಿದ್ದವರ ಆರ್ಡರುಗಳು ಅದರ ಹತ್ತಾರು ಪಟ್ಟು ನಷ್ಟದಲ್ಲಿ ಮುಗಿದವು.

ಆ ಬೆಳಿಗ್ಗೆ 1.20 ಎಂಬ ಅಂಕಿ ನಿಜವಾದ ನೆನಪಾಯಿತು. ಮೂರು ವರ್ಷ ಕಳೆದು, 2018ರ ಏಪ್ರಿಲಿನಲ್ಲಿ, ಯೂರೋ ನಿಧಾನವಾಗಿ ಏರುತ್ತ ಮೊದಲ ಸಲ 1.20 ಮುಟ್ಟಿತು. ಮುಟ್ಟಿ, ಅಲ್ಲಿಂದಲೇ ಹಿಂದಿರುಗಿ, ಮೇ ಕೊನೆಗೆ 1.15ರ ಹತ್ತಿರ ಬಂದಿತ್ತು. ಸಿಕ್ಕಿಬಿದ್ದಿದ್ದವರು ಅಸಲಿಗೆ ಬಿಟ್ಟುಕೊಟ್ಟರು ಎಂದು ಓದಲು ಆಸೆಯಾಗುತ್ತದೆ. ಅದೇ ಮೇ ತಿಂಗಳಲ್ಲಿ ಇಟಲಿಯ ಸರ್ಕಾರ ರಚನೆಯ ಗೊಂದಲದಿಂದ ಹೆದರಿ ಯೂರೋ ಬಿಟ್ಟು ಫ್ರಾಂಕಿಗೆ ಓಡಿದವರೂ ಇದ್ದರು. 1.20ರಲ್ಲಿ ಮಾರಿದವರ ಪೈಕಿ ಯಾರು ಹಳೆಯ ಗಾಯದಿಂದ ಮಾರಿದರು, ಯಾರು ಹೊಸ ಭಯದಿಂದ ಮಾರಿದರು ಎಂಬುದನ್ನು ಚಾರ್ಟಿನ ಗೆರೆ ಬೇರ್ಪಡಿಸಿ ತೋರಿಸುವುದಿಲ್ಲ.